ಹಿಂದಿ ಕರಪತ್ರವನ್ನು ಊರಿನ ಕನ್ನಡಕ್ಕೆ ತರುವುದು

ಕೇಂದ್ರ ಸರ್ಕಾರದ ಯೋಜನೆಗಳ ಕರಪತ್ರ ಎಷ್ಟೋ ಸಲ ಹಿಂದಿಯಲ್ಲೇ ಕೈಗೆ ಸಿಗುತ್ತದೆ. ಪಂಚಾಯಿತಿಯವರೋ, ಸ್ತ್ರೀಶಕ್ತಿ ಸಂಘದವರೋ, ಹಾಲಿನ ಡೇರಿಯ ಕಾರ್ಯದರ್ಶಿಯೋ ಅದನ್ನು ಹಿಂದಿ ಬಲ್ಲ ಮೇಷ್ಟರ ಕೈಗೋ ಕಾಲೇಜು ಹುಡುಗಿಯ ಕೈಗೋ ಕೊಟ್ಟು, ‘ಇದನ್ನೊಂದಿಷ್ಟು ಕನ್ನಡಕ್ಕೆ ಮಾಡಿಕೊಡಿ’ ಎನ್ನುತ್ತಾರೆ. ಎರಡು ಪುಟದ ಕಾಗದ, ಸಂಜೆಯೊಳಗೆ ಮುಗಿಯುವ ಕೆಲಸ ಅನಿಸುತ್ತದೆ. ಆದರೆ ಈ ಕಾಗದವನ್ನು ಓದಿದವರು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ, ಬ್ಯಾಂಕಿಗೆ, ಗ್ರಾಮ ಒನ್‌ಗೆ ಹೋಗುತ್ತಾರೆ. ಅಲ್ಲಿ ಕುಳಿತವರು ಯಾವ ಹೆಸರಿನಲ್ಲಿ ಕಾಗದ ಕೇಳುತ್ತಾರೋ ಆ ಹೆಸರೇ ಕರಪತ್ರದಲ್ಲೂ ಇರಬೇಕು. ಹಾಗಾಗಿ ಅನುವಾದಕ್ಕೆ ಕೂರುವಾಗ ಹಿಂದಿ ನಿಘಂಟಿನ ಜೊತೆಗೆ ಇನ್ನೂ ಮೂರು ನಿಮ್ಮ ಪಕ್ಕದಲ್ಲಿರಲಿ: ಯಾರದಾದರೂ ಒಂದು ಪಹಣಿ, ನಾಡಕಚೇರಿ ಕೊಡುವ ಪ್ರಮಾಣಪತ್ರಗಳ ಪಟ್ಟಿ, ಮತ್ತು ಯೋಜನೆಯ ಜಾಲತಾಣದ ಪರದೆ.

ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಪಿಎಂ ಕಿಸಾನ್ ಯೋಜನೆಯನ್ನೇ ತೆಗೆದುಕೊಳ್ಳೋಣ. ವರ್ಷಕ್ಕೆ 6,000 ರೂಪಾಯಿ, ತಲಾ 2,000ದ ಮೂರು ಕಂತಿನಲ್ಲಿ ರೈತರ ಖಾತೆಗೆ ಬರುವ ಹಣ ಅದು. ಗೊತ್ತಿರುವ ಯೋಜನೆಯಲ್ಲೇ ಇಷ್ಟು ತೊಡಕಿದ್ದರೆ ಹೊಸದರಲ್ಲಿ ಎಷ್ಟಿರಬಹುದು ಎಂಬ ಅಂದಾಜೂ ಇದರಿಂದ ಸಿಗುತ್ತದೆ.

ಅನುವಾದ ಶುರು ಮಾಡುವ ಮೊದಲು ಕರಪತ್ರ ಯಾವಾಗ ಅಚ್ಚಾದದ್ದು ಎಂದು ನೋಡಿ. 2019ರ ಆರಂಭದಲ್ಲಿ ಈ ಯೋಜನೆ ಬಂದಾಗ 2 ಹೆಕ್ಟೇರ್‌ವರೆಗೆ ಜಮೀನು ಇರುವವರಿಗೆ ಮಾತ್ರ ಇತ್ತು. ಆ ಕಾಲದ ಹಿಂದಿ ಕರಪತ್ರಗಳಲ್ಲಿ ‘ಲಘು ಏವಂ ಸೀಮಾಂತ್ ಕಿಸಾನ್’ ಎಂದಿರುತ್ತದೆ. ಅದೇ ವರ್ಷ ಮೇ ಕೊನೆಯಲ್ಲಿ ಕೇಂದ್ರ ಸಂಪುಟ ಈ ಮಿತಿಯನ್ನು ತೆಗೆದುಹಾಕಿತು. ಹಳೆಯ ಕಾಗದ ನಿಮ್ಮ ಕೈಗೆ ಬಂದು, ನೀವು ಅದನ್ನು ಎಷ್ಟೇ ಚೆನ್ನಾಗಿ ಕನ್ನಡಕ್ಕೆ ತಂದರೂ, ಆರು ಎಕರೆ ಇರುವ ರೈತ ‘ಇದು ನನಗಲ್ಲ’ ಎಂದು ಸುಮ್ಮನಾಗುತ್ತಾನೆ. ಕರಪತ್ರದ ಮೇಲೆ ತಾರೀಖು ಕಾಣದಿದ್ದರೆ ಜಾಲತಾಣದಲ್ಲಿರುವ ಈಗಿನ ಮಾರ್ಗಸೂಚಿಯ ಜೊತೆ ಹೋಲಿಸದೆ ಮುಂದೆ ಹೋಗಬೇಡಿ.

ಆ ಎರಡು ಪದಗಳ ಬಗ್ಗೆಯೂ ಹೇಳಿಬಿಡುತ್ತೇನೆ, ಬೇರೆ ಯೋಜನೆಗಳಲ್ಲಿ ಅವು ಮತ್ತೆ ಮತ್ತೆ ಎದುರಾಗುತ್ತವೆ. ‘ಸೀಮಾಂತ ರೈತ’ ಎಂದರೆ ನಮ್ಮ ಓದುಗರಿಗೆ ಊರ ಗಡಿಯಲ್ಲಿ ಜಮೀನಿರುವವರು ಎಂದು ಕೇಳಿಸುತ್ತದೆ. ಇಲ್ಲಿನ ಕಚೇರಿಯ ಮಾತು ಸಣ್ಣ ರೈತ, ಅತಿ ಸಣ್ಣ ರೈತ. 1 ಹೆಕ್ಟೇರ್‌ವರೆಗೆ ಇದ್ದವರು ಅತಿ ಸಣ್ಣ, ಅದರಿಂದ 2 ಹೆಕ್ಟೇರ್‌ವರೆಗೆ ಇದ್ದವರು ಸಣ್ಣ. ಹೆಕ್ಟೇರ್ ಲೆಕ್ಕವನ್ನೂ ಹಾಗೆಯೇ ಬಿಡಬೇಡಿ, ನಮ್ಮವರ ಲೆಕ್ಕವೆಲ್ಲ ಎಕರೆ ಗುಂಟೆಯಲ್ಲಿ. 1 ಹೆಕ್ಟೇರ್ ಎಂದರೆ ಸುಮಾರು ಎರಡೂವರೆ ಎಕರೆ, 2 ಹೆಕ್ಟೇರ್ ಎಂದರೆ 4 ಎಕರೆ 38 ಗುಂಟೆಯ ಹತ್ತಿರ ಎಂದು ಬರೆದರೆ ರೈತ ತನ್ನ ಪಹಣಿಯನ್ನು ನೋಡಿ ತಾನೇ ಹೇಳಬಲ್ಲ.

ಯಾರಿಗೆ ಉಂಟು, ಯಾರಿಗೆ ಇಲ್ಲ

ಅನುವಾದಕರು ಹೆಚ್ಚು ಹೊತ್ತು ಕೂರಬೇಕಾದ ಜಾಗ ಅರ್ಹತೆಯ ಪ್ಯಾರಾ. ಪಿಎಂ ಕಿಸಾನ್ ಕರಪತ್ರದಲ್ಲಿ ಇರುವಂಥ ಒಂದು ವಾಕ್ಯವನ್ನು ನೋಡಿ: ‘ಐಸೇ ಸಭೀ ಭೂಮಿಧಾರಕ್ ಕಿಸಾನ್ ಪರಿವಾರ್, ಜಿನ್‌ಕೇ ನಾಮ್ ದಿನಾಂಕ್ 01.02.2019 ತಕ್ ಭೂ-ಅಭಿಲೇಖೋಂ ಮೇಂ ಕೃಷಿ ಯೋಗ್ಯ ಭೂಮಿ ದರ್ಜ್ ಹೈ, ಯೋಜನಾ ಕೇ ಪಾತ್ರ್ ಹೋಂಗೇ.’ ಪದದ ಜಾಗಕ್ಕೆ ಪದ ಇಟ್ಟರೆ ಇದು ಹೀಗಾಗುತ್ತದೆ: ‘ದಿನಾಂಕ 01.02.2019ರವರೆಗೆ ಭೂ ಅಭಿಲೇಖಗಳಲ್ಲಿ ಕೃಷಿ ಯೋಗ್ಯ ಭೂಮಿ ದಾಖಲಾಗಿರುವಂತಹ ಎಲ್ಲ ಭೂಧಾರಕ ರೈತ ಪರಿವಾರಗಳು ಯೋಜನೆಗೆ ಪಾತ್ರರಾಗಿರುತ್ತವೆ.’

ಪದಗಳೆಲ್ಲ ಕನ್ನಡದವೇ, ಆದರೆ ಅರ್ಥ ಕೆಟ್ಟಿದೆ. ಹಿಂದಿಯ ‘ತಕ್’ ಇಲ್ಲಿ ‘ಆ ತಾರೀಖಿನ ಹೊತ್ತಿಗೆ’ ಎಂಬ ಅರ್ಥದಲ್ಲಿದೆ. ಕನ್ನಡದಲ್ಲಿ ‘2019ರವರೆಗೆ ಜಮೀನು ಇತ್ತು’ ಎಂದರೆ ಆಮೇಲೆ ಹೋಯಿತು ಎಂದೇ ಕೇಳಿಸುತ್ತದೆ. ಜಮೀನು ಮಾರಿದವನು ಅರ್ಜಿ ಹಾಕಲು ಹೊರಡುತ್ತಾನೆ, ಇಟ್ಟುಕೊಂಡವನು ಅನುಮಾನದಲ್ಲಿ ಕೂರುತ್ತಾನೆ. ‘ಭೂ ಅಭಿಲೇಖ’ ಎಂದರೆ ಯಾವ ಕಾಗದ ಎಂಬುದು ಯಾರಿಗೂ ತಿಳಿಯುವುದಿಲ್ಲ. ನಮ್ಮಲ್ಲಿ ಅದು ಪಹಣಿ, ಅಂದರೆ ಆರ್‌ಟಿಸಿ. ಬೆಳಗಾವಿ, ವಿಜಯಪುರದ ಕಡೆ ಜನ ‘ಉತಾರ’ ಎನ್ನುತ್ತಾರೆ. ಕರಪತ್ರ ಆ ಸೀಮೆಗೆ ಹೋಗುವುದಾದರೆ ‘ಪಹಣಿ (ಉತಾರ)’ ಎಂದು ಒಮ್ಮೆ ಬರೆದರೆ ಸಾಕು. ‘ಪಾತ್ರರು’ ಎಂಬುದಕ್ಕೆ ನಮ್ಮ ಮಾತು ಅರ್ಹರು ಎಂಬುದು ಎಲ್ಲರಿಗೂ ಗೊತ್ತು. ಆದರೂ ‘ಈ ಹಣ ನಿಮಗೆ ಸಿಗುತ್ತದೆ’ ಎಂಬ ವಾಕ್ಯ ಅದಕ್ಕಿಂತಲೂ ಬೇಗ ಮುಟ್ಟುತ್ತದೆ.

ನಾನಾದರೆ ಆ ಒಂದು ವಾಕ್ಯವನ್ನು ಮೂರಾಗಿ ಒಡೆಯುತ್ತೇನೆ. ‘2019ರ ಫೆಬ್ರವರಿ 1ರಂದು ಸಾಗುವಳಿ ಜಮೀನಿನ ಪಹಣಿ ನಿಮ್ಮ ಹೆಸರಿನಲ್ಲಿ ಇದ್ದಿರಬೇಕು. ಆ ದಿನದ ನಂತರ ಜಮೀನು ಕೊಂಡವರಿಗೆ ಈ ಹಣ ಬರುವುದಿಲ್ಲ. ಆದರೆ ಜಮೀನಿನ ಒಡೆಯರು ತೀರಿಕೊಂಡು, ಪಹಣಿ ವಾರಸುದಾರರ ಹೆಸರಿಗೆ ಬಂದಿದ್ದರೆ ಅವರು ಅರ್ಜಿ ಹಾಕಬಹುದು.’ ಎರಡನೆಯ ಮತ್ತು ಮೂರನೆಯ ವಾಕ್ಯ ಮೂಲ ಕರಪತ್ರದಲ್ಲಿ ಇಲ್ಲದೆ ಇರಬಹುದು, ಮಾರ್ಗಸೂಚಿಯಲ್ಲಿ ಇವೆ. ಹೀಗೆ ಹೊರಗಿನಿಂದ ತಂದು ಸೇರಿಸಿದ ಪ್ರತಿ ವಾಕ್ಯಕ್ಕೂ ಕೆಳಗೆ ಗೆರೆ ಎಳೆದು, ಅಚ್ಚಿಗೆ ಹೋಗುವ ಮೊದಲು ಕೃಷಿ ಇಲಾಖೆಯವರಿಗೆ ತೋರಿಸಿ. ನಿಯಮ ಬದಲಾಗಿದ್ದರೆ ಅವರು ಹೇಳುತ್ತಾರೆ. ಅನುವಾದಕರು ವಿವರಿಸಬಹುದು, ಆದರೆ ನಿಯಮ ಮಾಡುವ ಅಧಿಕಾರ ನಮಗಿಲ್ಲ.

ಇನ್ನು ‘ಪರಿವಾರ್’. ಕನ್ನಡದಲ್ಲಿ ಇದು ಕುಟುಂಬ ಎಂದು ಹೇಳಿ ಮುಗಿಸುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ಕುಟುಂಬ ಎಂದರೆ ಒಂದೇ ಒಲೆಯಲ್ಲಿ ಉಣ್ಣುವವರೆಲ್ಲ, ಅಥವಾ ಒಂದು ರೇಷನ್ ಕಾರ್ಡಿನಲ್ಲಿ ಇರುವವರೆಲ್ಲ. ಈ ಯೋಜನೆಗೆ ಕುಟುಂಬ ಎಂದರೆ ಗಂಡ, ಹೆಂಡತಿ ಮತ್ತು 18 ವರ್ಷ ತುಂಬದ ಮಕ್ಕಳು, ಅಷ್ಟೇ. ಅಣ್ಣ ತಮ್ಮ ಒಂದೇ ಮನೆಯಲ್ಲಿದ್ದು, ಇಬ್ಬರಿಗೂ ಮದುವೆಯಾಗಿ, ಇಬ್ಬರ ಹೆಸರಿನಲ್ಲೂ ಬೇರೆ ಬೇರೆ ಪಹಣಿ ಇದ್ದರೆ ಅವರು ಎರಡು ಕುಟುಂಬ, ಇಬ್ಬರಿಗೂ ಹಣ ಬರುತ್ತದೆ. ಗಂಡನಿಗೊಂದು ಹೆಂಡತಿಗೊಂದು ಪಹಣಿ ಇದ್ದರೂ ಅವರು ಒಂದೇ ಕುಟುಂಬ, ಒಬ್ಬರಿಗೆ ಮಾತ್ರ. ಈ ಎರಡು ಉದಾಹರಣೆಗಳನ್ನು ಕರಪತ್ರದಲ್ಲೇ ಹಾಕಿ. ವ್ಯಾಖ್ಯೆಯನ್ನು ಓದಿ ದಾಟಿಹೋಗುವವರೂ ಅಣ್ಣ ತಮ್ಮನ ಮಾತು ಬಂದರೆ ನಿಂತು ಓದುತ್ತಾರೆ. ಬೇರೆಯವರ ಜಮೀನನ್ನು ವಾರಕ್ಕೋ ಗುತ್ತಿಗೆಗೋ ಮಾಡುವವರಿಗೆ ಈ ಹಣ ಇಲ್ಲ ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ. ‘ಭೂಮಿಧಾರಕ’ ಎಂಬ ಒಂದು ಪದದೊಳಗೆ ಅದನ್ನು ಮುಚ್ಚಿಟ್ಟರೆ, ಅವರು ಒಂದು ದಿನದ ಕೂಲಿ ಬಿಟ್ಟು ಕಚೇರಿಗೆ ಹೋಗಿ ಬರಿಗೈಲಿ ವಾಪಸು ಬರುತ್ತಾರೆ.

ಅನರ್ಹರ ಪಟ್ಟಿ ಇನ್ನೂ ಸೂಕ್ಷ್ಮ. ಹಿಂದಿಯಲ್ಲಿ, ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಪಡೆಯುವ ನಿವೃತ್ತರು, ‘ಚತುರ್ಥ ಶ್ರೇಣೀ, ಗ್ರೂಪ್ ಡೀ ಕೋ ಛೋಡ್‌ಕರ್’ ಎಂದಿರುತ್ತದೆ. ‘ಗ್ರೂಪ್ ಡಿ ನೌಕರರನ್ನು ಹೊರತುಪಡಿಸಿ’ ಎಂದು ಅದನ್ನು ಅನರ್ಹರ ಪಟ್ಟಿಯೊಳಗೇ ಬರೆದರೆ, ಓದುವವರು ಗ್ರೂಪ್ ಡಿಯವರನ್ನೂ ಹೊರಗಿಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ‘ಇಲ್ಲ’ ಎನ್ನುವ ಪಟ್ಟಿಯಲ್ಲಿ ‘ಹೊರತು’ ಎಂಬ ಪದ ಬಂದರೆ ಅರ್ಥ ತಿರುಗುಮುರುಗಾಗುತ್ತದೆ. ಅದನ್ನು ಪಟ್ಟಿಯಿಂದ ಹೊರತೆಗೆದು ಬೇರೆ ವಾಕ್ಯ ಮಾಡಿ: ‘ಗ್ರೂಪ್ ಡಿ ನೌಕರರಾಗಿ ನಿವೃತ್ತರಾದವರಿಗೆ ಈ ನಿರ್ಬಂಧ ಇಲ್ಲ.’ ಪಿಂಚಣಿ ಎಂಬ ಪದವನ್ನೂ ಒಂಟಿಯಾಗಿ ಬಿಡಬೇಡಿ. ವೃದ್ಧಾಪ್ಯ ವೇತನ, ವಿಧವಾ ವೇತನವನ್ನೂ ಊರಿನಲ್ಲಿ ‘ಪೆನ್ಷನ್’ ಎಂದೇ ಕರೆಯುತ್ತಾರೆ. ‘ನೌಕರಿಯಿಂದ ನಿವೃತ್ತರಾಗಿ ತಿಂಗಳಿಗೆ 10,000 ರೂಪಾಯಿ ಅಥವಾ ಹೆಚ್ಚು ಪಿಂಚಣಿ ಪಡೆಯುವವರು’ ಎಂದು ಪೂರ್ತಿ ಬರೆದರೆ, ಸಂಧ್ಯಾ ಸುರಕ್ಷಾ ಹಣ ಪಡೆಯುವ ಅಜ್ಜಿ ಹೆದರಬೇಕಾಗಿಲ್ಲ.

ತೆರಿಗೆಯ ವಿಷಯವೂ ಇದೇ. ‘ಆಯಕರ್’ ಎಂಬುದನ್ನು ಬರೀ ‘ತೆರಿಗೆ ಕಟ್ಟುವವರು’ ಎಂದರೆ, ಜಮೀನಿನ ಕಂದಾಯ, ಪಂಚಾಯಿತಿಯ ಮನೆ ಕಂದಾಯ ಕಟ್ಟುವವರೆಲ್ಲ ತಾವು ಹೊರಗೆ ಎಂದುಕೊಳ್ಳುತ್ತಾರೆ. ‘ಆದಾಯ ತೆರಿಗೆ, ಅಂದರೆ ಇನ್‌ಕಮ್ ಟ್ಯಾಕ್ಸ್’ ಎಂದೇ ಬರೆಯಿರಿ.

ಮೂರು ‘ಲಿಂಕ್’, ಮೂರು ಬಾಗಿಲು

ಹ್ರಸ್ವನಾಮಗಳ ವಿಚಾರದಲ್ಲಿ ನನ್ನ ನಿಲುವು ಸರಳ. ಜನರ ಬಾಯಲ್ಲೂ ಕಚೇರಿಯ ಬಾಯಲ್ಲೂ ಇರುವ ಹ್ರಸ್ವನಾಮವನ್ನು ಕನ್ನಡ ಅಕ್ಷರದಲ್ಲಿ ಹಾಗೆಯೇ ಇಡಬೇಕು. ಅದು ಯಾವ ಇಂಗ್ಲಿಷ್ ಪದಗಳ ಸಂಕ್ಷೇಪ ಎಂದು ಬಿಡಿಸಿ ಹೇಳುವುದರಿಂದ ರೈತರಿಗೆ ಏನೂ ಸಿಗುವುದಿಲ್ಲ. ಅದು ಮಾಡುವ ಕೆಲಸ ಏನು ಎಂದು ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ಹೇಳಬೇಕು. ಯೋಜನೆಯ ಹೆಸರನ್ನೂ ಮುಟ್ಟಬೇಡಿ. ‘ಪ್ರಧಾನಮಂತ್ರಿ ರೈತ ಗೌರವ ನಿಧಿ’ ಎಂದು ಅಂದವಾಗಿ ಬರೆಯಬಹುದು, ಆದರೆ ಆ ಹೆಸರು ಹೇಳಿಕೊಂಡು ಹೋದವರಿಗೆ ಕೌಂಟರಿನಲ್ಲಿ ‘ಅಂಥ ಯೋಜನೆ ಇಲ್ಲ’ ಎನ್ನುತ್ತಾರೆ. ‘ಪಿಎಂ ಕಿಸಾನ್’ ಎಂದರೆ ಎಲ್ಲರಿಗೂ ಗೊತ್ತು.

ಕಂತು ನಿಂತುಹೋದ ರೈತ ಕಂಪ್ಯೂಟರಿನ ಮುಂದೆ ನಿಂತಿದ್ದಾನೆ ಎಂದುಕೊಳ್ಳಿ. ‘ಆಧಾರ್ ಲಿಂಕ್ ಆಗಿಲ್ಲ ಕಣಣ್ಣ’ ಎನ್ನುತ್ತಾನೆ ಅಲ್ಲಿ ಕುಳಿತ ಹುಡುಗ. ‘ಬ್ಯಾಂಕಲ್ಲಿ ಹೋದ ವರ್ಷವೇ ಮಾಡಿಸಿದ್ದೀನಲ್ಲಪ್ಪ’ ಎನ್ನುತ್ತಾನೆ ರೈತ. ಇಬ್ಬರೂ ಹೇಳುವುದು ನಿಜವೇ, ಆದರೆ ಇಬ್ಬರು ಹೇಳುತ್ತಿರುವುದು ಬೇರೆ ಬೇರೆ ಲಿಂಕ್. ಹಿಂದಿ ಕರಪತ್ರದಲ್ಲಿ ‘ಆಧಾರ್ ಸೀಡಿಂಗ್’, ‘ಲ್ಯಾಂಡ್ ಸೀಡಿಂಗ್’, ‘ಈ-ಕೇವೈಸೀ’ ಎಂದು ಮೂರೂ ಒಂದೇ ಸಾಲಿನಲ್ಲಿ ಬಂದುಬಿಡುತ್ತವೆ. ಸೀಡಿಂಗ್ ಎಂಬುದನ್ನು ‘ಬಿತ್ತನೆ’ ಎಂದು ಬರೆಯಲಂತೂ ಹೋಗಬೇಡಿ. ರೈತರಿಗೆ ಬರೆಯುವ ಕಾಗದದಲ್ಲಿ ಆ ಪದಕ್ಕೆ ಬೇರೆಯೇ ಅರ್ಥ ಇದೆ. ಮೂರಕ್ಕೂ ‘ಜೋಡಣೆ’ ಎಂದರೂ ತೊಂದರೆ ತಪ್ಪುವುದಿಲ್ಲ, ಏಕೆಂದರೆ ಮೂರು ಕೆಲಸವೂ ಬೇರೆ ಬೇರೆ ಕಡೆ ಆಗಬೇಕು.

ಹೀಗೆ ಬಿಡಿಸಿ ಬರೆಯಬಹುದು. ಇ-ಕೆವೈಸಿ ಎಂದರೆ ಹಣ ಪಡೆಯುವವರು ನೀವೇ ಎಂದು ಖಚಿತಪಡಿಸುವುದು. ನಿಮ್ಮ ಮೊಬೈಲ್ ನಂಬರು ಆಧಾರ್‌ಗೆ ಸೇರಿದ್ದರೆ ಆ ಫೋನಿಗೆ ಬರುವ ಓಟಿಪಿಯಿಂದ ಮನೆಯಲ್ಲೇ ಮಾಡಬಹುದು, ಇಲ್ಲದಿದ್ದರೆ ಸಿಎಸ್‌ಸಿ ಕೇಂದ್ರದಲ್ಲಿ ಹೆಬ್ಬೆಟ್ಟು ಕೊಟ್ಟು ಮಾಡಿಸಬಹುದು, ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿಯೂ ಮಾಡಬಹುದು. ಆಧಾರ್ ಸೀಡಿಂಗ್ ಎಂದರೆ ಸರ್ಕಾರದ ಹಣ ನಿಮ್ಮ ಯಾವ ಖಾತೆಗೆ ಬರಬೇಕು ಎಂದು ಬ್ಯಾಂಕಿನಲ್ಲಿ ದಾಖಲಿಸುವುದು. ಅದಕ್ಕೆ ನಿಮ್ಮ ಬ್ಯಾಂಕಿನಲ್ಲೇ ವಿಚಾರಿಸಬೇಕು. ಲ್ಯಾಂಡ್ ಸೀಡಿಂಗ್ ಎಂದರೆ ನಿಮ್ಮ ಪಹಣಿಯ ವಿವರ ನಿಮ್ಮ ಹೆಸರಿನ ಜೊತೆ ಸೇರಿದೆಯೇ ಎಂಬುದು. ಅದು ಆಗದಿದ್ದರೆ ಪಹಣಿ, ಆಧಾರ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಇವುಗಳಲ್ಲಿ ಯಾವುದು ಬಾಕಿ ಎಂಬುದು pmkisan.gov.in ತಾಣದ Know Your Status ಪುಟದಲ್ಲಿ ಕಾಣುತ್ತದೆ. ಪರದೆಯ ಮೇಲಿನ ಆ ಹೆಸರನ್ನು ಇಂಗ್ಲಿಷಿನಲ್ಲಿ ಇರುವ ಹಾಗೆಯೇ ಕರಪತ್ರದಲ್ಲಿ ಅಚ್ಚು ಹಾಕಿಸಿ. ಮನೆಯ ಹೈಸ್ಕೂಲ್ ಹುಡುಗ ಅಕ್ಷರ ಹೋಲಿಸಿ ನೋಡಿಕೊಳ್ಳುತ್ತಾನೆ.

ಇಲ್ಲಿ ಇನ್ನೊಂದು ಎಚ್ಚರ. ಹಿಂದಿ ಕರಪತ್ರದಲ್ಲಿ ‘ಫಾರ್ಮರ್ ಐಡಿ’ ಎಂದಿದ್ದರೆ, ಅದು ನಮ್ಮ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿಯೇ ಎಂದು ನೀವೇ ತೀರ್ಮಾನ ಮಾಡಬೇಡಿ. ಎರಡೂ ರೈತರಿಗೆ ಕೊಡುವ ಸಂಖ್ಯೆಗಳೇ. ಆ ಯೋಜನೆಗೆ ಕರ್ನಾಟಕದಲ್ಲಿ ಯಾವುದು ಬೇಕು ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಯೇ ಬರೆಯಬೇಕು.

ಕಾಗದಗಳ ಹೆಸರು

ಹಿಂದಿಗೂ ಕನ್ನಡಕ್ಕೂ ಸಂಸ್ಕೃತ ಪದಗಳು ಸಮಾನವಾಗಿವೆ ಎಂಬ ಧೈರ್ಯವೇ ಈ ಭಾಗದಲ್ಲಿ ನಮ್ಮನ್ನು ಕೆಡಿಸುವುದು. ಹಿಂದಿಯಲ್ಲಿ ‘ಪ್ರಮಾಣ್ ಪತ್ರ’ ಎಂದರೆ ಕಚೇರಿ ಕೊಡುವ ದೃಢೀಕರಣ, ‘ಶಪಥ್ ಪತ್ರ’ ಎಂದರೆ ಅಫಿಡವಿಟ್, ‘ಸ್ವ-ಘೋಷಣಾ ಪತ್ರ’ ಎಂದರೆ ನಾವೇ ಬರೆದು ಸಹಿ ಮಾಡಿ ಕೊಡುವ ಹೇಳಿಕೆ. ಕನ್ನಡದಲ್ಲಿ ‘ಪ್ರಮಾಣಪತ್ರ’ ಎಂಬ ಒಂದೇ ಪದ ಮೊದಲ ಎರಡಕ್ಕೂ ನಡೆಯುತ್ತದೆ. ಪಿಎಂ ಕಿಸಾನ್‌ಗೆ ‘ನಾನು ಅನರ್ಹರ ಪಟ್ಟಿಯಲ್ಲಿ ಇಲ್ಲ’ ಎಂಬ ಸ್ವಯಂ ಘೋಷಣೆ ಸಾಕು. ಅನುವಾದಕರು ಅದನ್ನು ‘ಪ್ರಮಾಣಪತ್ರ’ ಎಂದು ಬರೆದುಬಿಟ್ಟರೆ, ರೈತ ಛಾಪಾ ಕಾಗದ ಕೊಂಡು ನೋಟರಿಯ ಹತ್ತಿರ ಹೋಗಿ ಬೇಡದ ಖರ್ಚು ಮಾಡುತ್ತಾನೆ. ಹಾಗಾಗಿ ಕಚೇರಿಯದಕ್ಕೆ ಮಾತ್ರ ಪ್ರಮಾಣಪತ್ರ ಅಥವಾ ದೃಢೀಕರಣ ಪತ್ರ, ನೋಟರಿಯದಕ್ಕೆ ಅಫಿಡವಿಟ್, ತಾನೇ ಬರೆಯುವುದಕ್ಕೆ ಸ್ವಯಂ ಘೋಷಣೆ ಎಂದು ನಿಗದಿ ಮಾಡಿಕೊಂಡು ಕೊನೆಯವರೆಗೂ ಹಾಗೆಯೇ ನಡೆಸಿ. ಚೆಂದಕ್ಕಾಗಿ ಪದ ಬದಲಿಸುವ ಅಭ್ಯಾಸ ಇಲ್ಲಿ ಬೇಡ. ಒಂದೇ ಕಾಗದಕ್ಕೆ ಎರಡು ಹೆಸರು ಬಂದರೆ ಓದುವವರು ಎರಡು ಕಾಗದ ಬೇಕು ಎಂದುಕೊಳ್ಳುತ್ತಾರೆ.

‘ಪ್ರಾರ್ಥನಾ ಪತ್ರ’ ಎಂದರೆ ಅರ್ಜಿ. ‘ಶಿಕಾಯತ್ ಸಮಾಧಾನ್’ ಎಂದರೆ ದೂರು ಪರಿಹಾರ, ದೂರು ಕೊಟ್ಟವರಿಗೆ ಸಮಾಧಾನ ಹೇಳುವುದಲ್ಲ. ‘ಸ್ವಪ್ರಮಾಣಿತ್ ಪ್ರತಿ’ ಎಂದರೆ ನೀವೇ ಸಹಿ ಹಾಕಿದ ಜೆರಾಕ್ಸ್ ಪ್ರತಿ.

ಜಮೀನಿನ ಕಾಗದಗಳಿಗೆ ಹೆಚ್ಚು ಗಮನ ಬೇಕು, ಏಕೆಂದರೆ ಉತ್ತರ ಭಾರತದ ಕಂದಾಯ ವ್ಯವಸ್ಥೆಯ ಹೆಸರುಗಳೇ ಬೇರೆ. ಅಲ್ಲಿನ ಖಸರಾ ನಂಬರು ಕೇಳಿದ ಕಡೆ ನಮ್ಮ ರೈತ ಕೊಡಬೇಕಾದ್ದು ಸರ್ವೆ ನಂಬರು ಮತ್ತು ಹಿಸ್ಸಾ ನಂಬರು. ‘ಖತೌನೀ ಕೀ ನಕಲ್’ ಕೇಳಿದ ಕಡೆ ಪಹಣಿಯ ಪ್ರತಿ. ‘ದಾಖಿಲ್-ಖಾರಿಜ್’ ಎಂಬುದು ಓದುವುದಕ್ಕೆ ಏನೋ ವಜಾ ಮಾಡಿದ ಹಾಗೆ ಕಾಣುತ್ತದೆ, ಆದರೆ ಅದು ಖಾತೆ ಬದಲಾವಣೆ, ಮ್ಯುಟೇಷನ್. ತಂದೆ ತೀರಿಕೊಂಡ ಮೇಲೆ ಮಕ್ಕಳ ಹೆಸರಿಗೆ ಆಗುವುದಾದರೆ ನಮ್ಮಲ್ಲಿ ಅದಕ್ಕೆ ‘ಪೌತಿ ಖಾತೆ’ ಎಂಬ ಸೊಗಸಾದ ಸ್ವಂತ ಹೆಸರೇ ಇದೆ. ಮೇಲೆ ಹೇಳಿದ ವಾರಸುದಾರರ ವಾಕ್ಯದಲ್ಲಿ ‘ಪೌತಿ ಖಾತೆ ಮಾಡಿಸಿಕೊಂಡಿದ್ದರೆ’ ಎಂದು ಸೇರಿಸಿ ನೋಡಿ, ತಾತನ ಹೆಸರಿನಲ್ಲೇ ಪಹಣಿ ಬಿಟ್ಟುಕೊಂಡಿರುವ ಮನೆಗಳಿಗೆ ಮುಂದಿನ ಹೆಜ್ಜೆ ಏನೆಂದು ತಕ್ಷಣ ತಿಳಿಯುತ್ತದೆ.

ಅಧಿಕಾರಿಗಳ ಹೆಸರಿಗೂ ಇದೇ ಮಾತು. ಪಟ್ವಾರೀ, ಲೇಖ್‌ಪಾಲ್ ಎಂದಿದ್ದರೆ ಅದು ನಮ್ಮ ಗ್ರಾಮ ಆಡಳಿತ ಅಧಿಕಾರಿ, ಅಂದರೆ ಮೊದಲಿನ ಗ್ರಾಮ ಲೆಕ್ಕಿಗರು. ಜನ ಈಗಲೂ ‘ವಿಎ’ ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ‘ತಲಾಟಿ’ ಎನ್ನುತ್ತಾರೆ. ‘ತಹಸೀಲ್’ ಎಂದರೆ ತಾಲ್ಲೂಕು. ‘ಜನಪದ್’ ಎಂಬುದು ಉತ್ತರ ಪ್ರದೇಶದ ಕಾಗದದಲ್ಲಿ ಜಿಲ್ಲೆ, ಮಧ್ಯಪ್ರದೇಶದ ‘ಜನಪದ್ ಪಂಚಾಯತ್’ ನಮ್ಮ ತಾಲ್ಲೂಕು ಪಂಚಾಯಿತಿಯ ಮಟ್ಟದ್ದು. ಹಾಗಾಗಿ ಕರಪತ್ರ ಯಾವ ರಾಜ್ಯದಲ್ಲಿ ಅಚ್ಚಾದದ್ದು ಎಂಬುದನ್ನೂ ಮೊದಲೇ ನೋಡಿಟ್ಟುಕೊಳ್ಳಿ.

ಕರಡು ಮುಗಿದ ಮೇಲೆ ಹಿಂದಿ ಬಾರದ ಒಬ್ಬ ರೈತರಿಗೋ ರೈತ ಮಹಿಳೆಗೋ ಅದನ್ನು ಓದಿ ಹೇಳಿ. ‘ಅರ್ಥವಾಯಿತಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಎಂದೇ ಹೇಳುತ್ತಾರೆ. ‘ನಿಮಗೆ ಈ ದುಡ್ಡು ಬರುತ್ತದೋ ಇಲ್ಲವೋ? ನಾಳೆ ಬೆಳಿಗ್ಗೆ ಯಾವ ಕಾಗದ ಹಿಡಿದು ಎಲ್ಲಿಗೆ ಹೋಗುತ್ತೀರಿ?’ ಎಂದು ಕೇಳಿ. ಎಲ್ಲಿ ತಡವರಿಸುತ್ತಾರೋ ಆ ವಾಕ್ಯವನ್ನು ಮತ್ತೆ ಬರೆಯಿರಿ. ಆಮೇಲೆ ಹಿಂದಿಯೂ ಕನ್ನಡವೂ ಬಲ್ಲ ಇನ್ನೊಬ್ಬರ ಕೈಗೆ ಎರಡೂ ಕಾಗದ ಕೊಟ್ಟು, ತಾರೀಖು, ರೂಪಾಯಿ, ವಯಸ್ಸು ಮತ್ತು ‘ಇಲ್ಲ’ ಎಂಬ ಪದ ಇರುವ ವಾಕ್ಯಗಳನ್ನಷ್ಟೇ ಹೋಲಿಸಿ ನೋಡಲು ಹೇಳಿ. ತಪ್ಪು ಹೆಚ್ಚಾಗಿ ಸಿಗುವುದು ಅಲ್ಲೇ.

ಅಚ್ಚಿಗೆ ಕೊಡುವಾಗ ಕೊನೆಯ ಸಾಲಿನಲ್ಲಿ ಮೂರು ವಿಷಯ ಇರಲಿ. ಕನ್ನಡ ಕರಪತ್ರ ಸಿದ್ಧವಾದ ತಿಂಗಳು ಮತ್ತು ವರ್ಷ, ಅದನ್ನು ನೋಡಿ ಒಪ್ಪಿದ ಕಚೇರಿ, ಮತ್ತು ಪಿಎಂ ಕಿಸಾನ್ ಸಹಾಯವಾಣಿ 155261. ನಾಳೆ ನಿಯಮ ಬದಲಾದರೆ ಈ ಕಾಗದ ಹಳೆಯದು ಎಂದು ಓದುವವರಿಗೆ ಗೊತ್ತಾಗುವುದು ಆ ತಾರೀಖಿನಿಂದಲೇ, ದಯವಿಟ್ಟು ಅದನ್ನು ಬಿಡಬೇಡಿ.